‘ಯೆರರ್’ ಅಂದರೆ ತಪ್ಪೇ?

ನಾನು ಸಾಫ್ಟ್‌ವೇರ್ ಪರೀಕ್ಷಕಿ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ, ಅದು ಎಲ್ಲಿದೆ, ಎಷ್ಟು ದೊಡ್ಡದು ಎಂದು ಹೇಳುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ‘ಎರರ್’ ಎಂಬ ಪದವನ್ನು ದಿನಕ್ಕೆ ಏನಿಲ್ಲವೆಂದರೂ 30-40 ಸಲ ಆಡಬೇಕಾಗುತ್ತದೆ. ರಾಣೆಬೆನ್ನೂರಿನಲ್ಲಿ ಹುಟ್ಟಿ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಬಾಯಲ್ಲಿ ಅದು ‘ಯೆರರ್’ ಆಗುತ್ತದೆ. ಇಂಗ್ಲಿಷಿನ ಎಲ್, ಎಮ್, ಎನ್ ಅಕ್ಷರಗಳೂ ‘ಯೆಲ್’, ‘ಯೆಮ್’, ‘ಯೆನ್’ ಆಗುತ್ತವೆ. ಅಮೆರಿಕಕ್ಕೆ ಬರುವ ತನಕ ಇದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಕಿವಿಗೆ ನಮ್ಮ ಉಚ್ಚಾರ ಯಾವತ್ತೂ ಸರಿಯಾಗಿಯೇ ಕೇಳಿಸುತ್ತದೆ.

ಟೆಕ್ಸಾಸಿನಲ್ಲಿ ನಾನು ಸೇರಿದ ತಂಡದಲ್ಲಿ ಹನ್ನೊಂದು ಜನರಿದ್ದೆವು. ಇಬ್ಬರು ಅಮೆರಿಕನ್ನರು, ಚೀನಾದಿಂದ ಬಂದ ಒಬ್ಬ ಹೆಂಗಸು, ಮೆಕ್ಸಿಕೊದವನೊಬ್ಬ, ಉಳಿದವರೆಲ್ಲ ಭಾರತದ ಬೇರೆ ಬೇರೆ ರಾಜ್ಯದವರು. ಸೇರಿ ಮೂರನೆಯ ವಾರ, ಬೆಳಗಿನ ಮೀಟಿಂಗಿನಲ್ಲಿ ಹಿಂದಿನ ದಿನ ಸಿಕ್ಕ ತಪ್ಪುಗಳನ್ನು ಓದುತ್ತಿದ್ದೆ. ಉತ್ತರ ಭಾರತದ ಸಹೋದ್ಯೋಗಿಯೊಬ್ಬ ‘ಯೆರರ್, ಯೆರರ್’ ಎಂದು ನನ್ನ ದನಿಯಲ್ಲೇ ಅಣಕಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ವಾರ ಕಳೆಯುವುದರೊಳಗೆ ನನಗೆ ‘ಮಿಸ್ ಯೆರರ್’ ಎಂಬ ಹೆಸರು ಬಿತ್ತು. ಪ್ರೀತಿಯಿಂದಲೇ ಕರೆಯುತ್ತಿದ್ದರು ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಹುಟ್ಟುಹಬ್ಬದ ಕೇಕಿನ ಮೇಲೂ ಆ ಹೆಸರನ್ನೇ ಬರೆಸಿದ್ದರು. ಏಳು ತಿಂಗಳು ನಾನು ಅವರೊಂದಿಗೆ ನಗುತ್ತಲೇ ಇದ್ದೆ.

‘ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬಾರದು, ಆಫೀಸಿನಲ್ಲಿ ಇದೆಲ್ಲ ಇದ್ದದ್ದೇ’ ಎಂದು ಹೇಳುವ ಹಿತೈಷಿಗಳು ನಮ್ಮ ಕನ್ನಡ ಕೂಟಗಳಲ್ಲಿ ಬಹಳ ಮಂದಿ ಇದ್ದಾರೆ. ಈ ಬರಹ ಮೊದಲಾಗಿ ಅವರ ಜೊತೆಗಿನ ಜಗಳ. ತಮಾಷೆಯಿಂದ ಏನೂ ಕಳೆದುಹೋಗುವುದಿಲ್ಲ ಎಂದು ಅವರು ನಂಬಿದ್ದಾರೆ. ಏನು ಕಳೆದುಹೋಗುತ್ತದೆ ಎಂಬುದಕ್ಕೆ ನನ್ನ ಹತ್ತಿರ ಲೆಕ್ಕವಿದೆ.

ನಗುತ್ತಿದ್ದ ಆ ಏಳು ತಿಂಗಳಲ್ಲಿ, ನನಗೇ ಗೊತ್ತಾಗದ ಹಾಗೆ, ನಾನು ಆ ಪದವನ್ನು ತಪ್ಪಿಸಲು ಶುರುಮಾಡಿದ್ದೆ. ದಾರಿಯಲ್ಲಿ ಸಾಲಗಾರ ಕಂಡರೆ ಪಕ್ಕದ ಓಣಿಗೆ ತಿರುಗುತ್ತೇವಲ್ಲ, ಹಾಗೆ. ಎರರ್ ಎನ್ನಬೇಕಾದಲ್ಲೆಲ್ಲ ‘ಪ್ರಾಬ್ಲಮ್’ ಎನ್ನುತ್ತಿದ್ದೆ. ‘ಎಂಪ್ಟಿ’ ಎನ್ನಬೇಕಾದಲ್ಲಿ ‘ನಥಿಂಗ್ ಈಸ್ ದೇರ್’ ಎನ್ನುತ್ತಿದ್ದೆ. ಮಾತು ಚಿಕ್ಕದಾಯಿತು. ಆಮೇಲೆ ಮೀಟಿಂಗಿನಲ್ಲಿ ಮಾತಾಡುವ ಸರದಿಯೇ ಬಾರದಿರಲಿ ಅನ್ನಿಸತೊಡಗಿತು.

ನಮ್ಮ ಕೆಲಸದಲ್ಲಿ ಪದಗಳಿಗೆ ತೂಕವಿದೆ. ಪ್ರೋಗ್ರಾಮು ಓಡುವಾಗ ತನ್ನ ದಿನಚರಿಯನ್ನು ತಾನೇ ಬರೆದುಕೊಳ್ಳುತ್ತದೆ. ಅದಕ್ಕೆ ಲಾಗ್ ಎನ್ನುತ್ತೇವೆ. ಅದರಲ್ಲಿ `WARN` ಎಂದು ಶುರುವಾಗುವ ಸಾಲು ಬಂದರೆ ‘ಗಮನವಿರಲಿ, ಆದರೆ ಕೆಲಸ ಮುಗಿದಿದೆ’ ಎಂದರ್ಥ. `ERROR` ಎಂದು ಶುರುವಾದರೆ ‘ಕೆಲಸ ಆಗಿಲ್ಲ’ ಎಂದರ್ಥ. ಒಂದು ಶುಕ್ರವಾರ ಸಂಜೆ ಹೊಸ ಆವೃತ್ತಿಯನ್ನು ಗ್ರಾಹಕರಿಗೆ ಬಿಡುವ ಮುನ್ನ ಕೊನೆಯ ಕರೆ ನಡೆದಿತ್ತು. ಬಿಲ್ಲುಗಳನ್ನು ದಾಖಲಿಸುವ ಭಾಗದ ಲಾಗಿನಲ್ಲಿ ನಾನು 14 `ERROR` ಸಾಲುಗಳನ್ನು ನೋಡಿದ್ದೆ. ವರದಿಯಲ್ಲೂ ಬರೆದಿದ್ದೆ. ಮ್ಯಾನೇಜರು ‘ತಡೆಹಿಡಿಯುವಂಥದ್ದು ಏನಾದರೂ ಇದೆಯೇ?’ ಎಂದು ಕೇಳಿದರು. ಕರೆಯಲ್ಲಿ ಇಪ್ಪತ್ತೈದು ಜನ, ಅವರಲ್ಲಿ ಮೇಲಿನ ಅಧಿಕಾರಿಗಳೂ ಇದ್ದರು. ‘ಬಿಲ್ಲಿಂಗಿನಲ್ಲಿ ಎರರ್ ಇವೆ, ಬಿಡಬೇಡಿ’ ಎನ್ನಬೇಕಿತ್ತು. ಆ ಪದ ನಾಲಿಗೆಯ ತುದಿಗೆ ಬಂದಾಗ ಅದರ ಹಿಂದೆಯೇ ನಗುವೂ ಬರುವುದು ನನಗೆ ಕಾಣಿಸಿತು. ಪಕ್ಕದ ಓಣಿಗೆ ತಿರುಗಿದೆ. ‘ಬಿಲ್ಲಿಂಗಿನಲ್ಲಿ ಸ್ವಲ್ಪ ಪ್ರಾಬ್ಲಮ್ ಇದೆ, ವರದಿಯಲ್ಲಿ ಹಾಕಿದ್ದೇನೆ’ ಎಂದೆ. ಸ್ವಲ್ಪ ಪ್ರಾಬ್ಲಮ್ ಎಂದರೆ `WARN` ಇರಬಹುದು ಎಂದುಕೊಂಡು ಅವರು ಮುಂದೆ ಹೋದರು. ಶುಕ್ರವಾರ ಸಂಜೆ ವರದಿ ತೆರೆದು ನೋಡುವವರು ಯಾರು?

ಶನಿವಾರ ನಸುಕಿನ ಎರಡು ಗಂಟೆಗೆ ಫೋನ್ ಬಂತು. 300ಕ್ಕೂ ಹೆಚ್ಚು ಬಿಲ್ಲುಗಳು ದಾಖಲಾಗದೆ ಬಿದ್ದುಹೋಗಿದ್ದವು. ಆರು ಜನ ಎರಡು ದಿನ ಕೂತು ಒಂದೊಂದನ್ನೇ ಕೈಯಿಂದ ಸೇರಿಸಿದೆವು. ಸೋಮವಾರ ನಡೆದ ಪರಿಶೀಲನೆಯಲ್ಲಿ ನನ್ನನ್ನು ಕೇಳಿದ ಪ್ರಶ್ನೆ ಒಂದೇ: ‘ನೀವು ಅದನ್ನು ನೋಡಿದ್ದಿರಿ, ಯಾಕೆ ಹೇಳಲಿಲ್ಲ?’ ನನ್ನ ಬಳಿ ಉತ್ತರವಿತ್ತು, ಹೇಳುವ ಧೈರ್ಯ ಇರಲಿಲ್ಲ. ಪದವೊಂದಕ್ಕೆ ಹೆದರಿದೆ ಎಂದು ನಲವತ್ತರ ಹೆಂಗಸು ಹೇಗೆ ಹೇಳಿಯಾಳು? ಆ ವರ್ಷದ ನನ್ನ ಮೌಲ್ಯಮಾಪನದಲ್ಲಿ ‘ಸಂವಹನ ಸುಧಾರಿಸಬೇಕು’ ಎಂಬ ಸಾಲು ಸೇರಿತು. ಅಣಕಿಸಿದವರ ಕಾಗದದಲ್ಲಿ ಅಂಥ ಸಾಲೇನೂ ಸೇರಲಿಲ್ಲ.

ಹೀಗೆ ಅಣಕದ ನಷ್ಟ ನನ್ನ ಮನಸ್ಸಿನೊಳಗೆ ಮುಗಿಯಲಿಲ್ಲ, ಆಫೀಸಿನ ಲೆಕ್ಕಕ್ಕೂ ಬಂತು. ಅಣಕಕ್ಕೆ ಒಳಗಾದವರು ತಮ್ಮ ಉಚ್ಚಾರವನ್ನು ತಿದ್ದಿಕೊಳ್ಳುತ್ತಾರೆ ಎಂದು ಜನ ತಿಳಿಯುತ್ತಾರೆ. ನಾನು ಕಂಡಂತೆ ಹೆಚ್ಚಿನವರು ಮಾತನ್ನೇ ಕಡಿಮೆ ಮಾಡುತ್ತಾರೆ, ಹೇಳಬೇಕಾದ್ದು ಹೇಳದೆಯೇ ಉಳಿಯುತ್ತದೆ.

ಅಷ್ಟಕ್ಕೂ ‘ಯೆರರ್’ ಎನ್ನುವುದು ತಪ್ಪೇ? ಕನ್ನಡದಲ್ಲಿ ಪದದ ಮೊದಲಿಗೆ ಎ, ಏ ಬಂದರೆ ನಾವು ಅದರ ಮುಂದೆ ಒಂದು ತೆಳುವಾದ ಯಕಾರವನ್ನೂ, ಒ, ಓ ಬಂದರೆ ವಕಾರವನ್ನೂ ಸೇರಿಸಿಯೇ ಆಡುತ್ತೇವೆ. ಬರೆಯುವುದು ‘ಎಲ್ಲಿ’, ‘ಒಂದು’. ಆಡುವುದು ‘ಯೆಲ್ಲಿ’, ‘ವೊಂದು’. ನಮ್ಮಜ್ಜ ಕಾಗದ ಬರೆಯುವಾಗಲೂ ‘ಯೆಲ್ಲರಿಗೂ ಆಶೀರ್ವಾದಗಳು’ ಎಂದೇ ಬರೆಯುತ್ತಿದ್ದರು. ತೆಲುಗರಲ್ಲೂ ತಮಿಳರಲ್ಲೂ ಇದೇ ರೂಢಿಯಿದೆ. ‘ಬಸ್ಸು’, ‘ಕಾರು’, ‘ರೋಡು’ ಎಂದು ಕೊನೆಗೆ ಉಕಾರ ಸೇರಿಸುವುದೂ ಹಾಗೆಯೇ. ಹಳಗನ್ನಡದ ‘ಕಣ್’ ಹೊಸಗನ್ನಡದಲ್ಲಿ ‘ಕಣ್ಣು’ ಆಯಿತು, ‘ಪಾಲ್’ ಎಂಬುದು ‘ಹಾಲು’ ಆಯಿತು. ಅದೇ ಕಟ್ಟಳೆ ಇಂಗ್ಲಿಷಿನ ಬಸ್ಸಿಗೂ ಅನ್ವಯಿಸಿದೆ, ಅಷ್ಟೇ. ಹಿಂದಿಯವರು ‘ಕನ್ನಡ’ವನ್ನು ‘ಕನ್ನಡ್’ ಎನ್ನುವುದೂ ಅವರ ಭಾಷೆಯ ಕಟ್ಟಳೆಯೇ. ಅಲ್ಲಿ ಪದದ ಕೊನೆಯ ಅಕಾರ ಬಿದ್ದುಹೋಗುತ್ತದೆ. ಅವರಲ್ಲಿ ಹಲವರ ಬಾಯಲ್ಲಿ ‘ಸ್ಕೂಲ್’ ‘ಇಸ್ಕೂಲ್’ ಆಗುವುದಕ್ಕೂ ಇಂಥದೇ ಕಾರಣವಿದೆ. ಯಾರೂ ಸೋಮಾರಿತನದಿಂದಲೋ ದಡ್ಡತನದಿಂದಲೋ ಹೀಗೆ ಆಡುವುದಿಲ್ಲ. ತಾಯಿ ಕಲಿಸಿದ ಕಟ್ಟಳೆ ಎರಡನೆಯ ಭಾಷೆಯಲ್ಲೂ ಜೊತೆಗೆ ಬರುತ್ತದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆಯಿದೆ. ‘ಕಾರಣ ಏನಾದರೂ ಇರಲಿ, ಕೇಳುವವರಿಗೆ ಅರ್ಥವಾಗದಿದ್ದರೆ?’ ಎಂದು. ಅರ್ಥವಾಗದಿದ್ದರೆ ಅದು ಕೆಲಸದ ಪ್ರಶ್ನೆ, ಅದಕ್ಕೆ ತಲೆಬಾಗಲೇಬೇಕು. ಆದರೆ ಉಚ್ಚಾರ ಬೇರೆಯಾಗಿರುವುದು ಮತ್ತು ಮಾತು ಅರ್ಥವಾಗದಿರುವುದು ಒಂದೇ ಅಲ್ಲ. ಕೆನಡಾದ ಮರ್ರೆ ಮನ್ರೊ ಮತ್ತು ಟ್ರೇಸಿ ಡರ್ವಿಂಗ್ ಎಂಬ ಸಂಶೋಧಕರು 1995ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಚೀನೀ ಮಾತೃಭಾಷೆಯವರ ಇಂಗ್ಲಿಷ್ ಮಾತನ್ನು ಇಂಗ್ಲಿಷ್ ಮಾತೃಭಾಷೆಯವರಿಗೆ ಕೇಳಿಸಿ, ಕೇಳಿದ್ದನ್ನು ಬರೆಯಿರಿ ಎಂದರು, ಉಚ್ಚಾರ ಎಷ್ಟು ಬೇರೆ ಎಂದು ಅಂಕವನ್ನೂ ಕೊಡಿ ಎಂದರು. ‘ಬಹಳ ಬೇರೆ’ ಎಂಬ ಅಂಕ ಪಡೆದ ಎಷ್ಟೋ ವಾಕ್ಯಗಳನ್ನು ಅದೇ ಜನ ಒಂದು ಪದವೂ ಬಿಡದೆ ಸರಿಯಾಗಿ ಬರೆದುಕೊಟ್ಟಿದ್ದರು. ನನ್ನ ‘ಯೆರರ್’ ಅಂಥದ್ದು. ಅದನ್ನು ಕೇಳಿ ನಕ್ಕವರಲ್ಲಿ ಅರ್ಥವಾಗದವರು ಒಬ್ಬರೂ ಇರಲಿಲ್ಲ. ಅರ್ಥವಾಗದಿದ್ದರೆ ಅಣಕಿಸಲು ಸಾಧ್ಯವೇ?

ನಿಜವಾಗಿಯೂ ಅರ್ಥವಾಗದ ಸಂದರ್ಭವೂ ನನಗಾಗಿದೆ. ನಮ್ಮ ತಂಡದ ಹಿರಿಯ ಅಮೆರಿಕನ್ನರೊಬ್ಬರು ಒಂದು ದಿನ ನನ್ನ ಮೇಜಿನ ಬಳಿ ಬಂದು, ‘ಕ್ಷಮಿಸಿ, ನೀವು ಹೇಳಿದ್ದು ವೆಂಡರ್ ಎಂದೋ ವಿಂಡೋ ಎಂದೋ, ನನಗೆ ಗೊತ್ತಾಗಲಿಲ್ಲ’ ಎಂದರು. ಕನ್ನಡದಲ್ಲಿ ಇರುವುದು ಒಂದೇ ವಕಾರ. ಇಂಗ್ಲಿಷಿನಲ್ಲಿ ಎರಡಿವೆ, ಒಂದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಇನ್ನೊಂದಕ್ಕೆ ತುಟಿ ದುಂಡಗಾಗಬೇಕು. ನಾನು ಅದನ್ನು ಕನ್ನಡಿಯ ಮುಂದೆ ನಿಂತು ಕಲಿತೆ. ಪದದ ಯಾವ ಭಾಗವನ್ನು ಒತ್ತಿ ಆಡಬೇಕು ಎಂಬುದನ್ನೂ ಕಲಿತೆ. ‘ಕಾಂಪೊನೆಂಟ್’ ಎಂಬಲ್ಲಿ ಒತ್ತು ಬೀಳಬೇಕಾದ್ದು ‘ಪೊ’ ಮೇಲೆ. ನಾನು ‘ಕಾಂ’ ಮೇಲೆ ಹಾಕುತ್ತಿದ್ದೆ. ಅಮೆರಿಕನ್ನರ ಕಿವಿಗೆ ಒತ್ತು ತಪ್ಪಿದರೆ ಇಡೀ ಪದವೇ ತಪ್ಪಿಹೋಗುತ್ತದೆ. ಇದನ್ನೆಲ್ಲ ಕಲಿಯುವಾಗ ನನಗೆ ಒಂದು ಕ್ಷಣವೂ ಅವಮಾನವೆನಿಸಲಿಲ್ಲ. ಆ ಹಿರಿಯರು ಕೇಳಿದ್ದು ನನ್ನ ಮಾತಿನ ಅರ್ಥವನ್ನು. ಕೇಳಿದ್ದೂ ನನ್ನನ್ನೇ, ನಾಲ್ಕು ಜನರ ಎದುರಿಗೆ ಅಲ್ಲ.

ಆಫೀಸಿನಲ್ಲಿ ಇನ್ನೊಬ್ಬರ ಉಚ್ಚಾರದ ಬಗ್ಗೆ ಕೇಳಲು ಹಕ್ಕಿರುವ ಪ್ರಶ್ನೆ ಇದೊಂದೇ ಎಂದು ನಾನು ವಾದಿಸುತ್ತೇನೆ: ಅರ್ಥವಾಯಿತೇ, ಇಲ್ಲವೇ? ಇಲ್ಲವಾದರೆ ಆಡಿದವರೂ ಕೇಳಿದವರೂ ಸೇರಿ ಸರಿಪಡಿಸಿಕೊಳ್ಳಬೇಕು. ಅರ್ಥವಾಗಿದ್ದರೆ ಮಾತು ಮುಂದಕ್ಕೆ ಹೋಗಬೇಕು. ಮೂರನೆಯದಕ್ಕೆ ಅಲ್ಲಿ ಜಾಗವಿಲ್ಲ.

ಈ ಮಾತಿಗೆ ಬರುವ ಮುನ್ನ ನಾನು ಎರಡು ತಪ್ಪು ದಾರಿ ತುಳಿದೆ. ಮೊದಲನೆಯದು ಜೊತೆಗೆ ನಗುವುದು; ಅದರ ಕಥೆ ಹೇಳಿದ್ದೇನೆ. ಎರಡನೆಯದು ತಿರುಗಿ ಅಣಕಿಸುವುದು. ಒಂದು ದಿನ ಊಟದ ಕೋಣೆಯಲ್ಲಿ ನಾನೂ ಇನ್ನೊಬ್ಬ ಕನ್ನಡದ ಹುಡುಗಿಯೂ ಮಾತಾಡುತ್ತಿದ್ದೆವು. ಅದೇ ಸಹೋದ್ಯೋಗಿ ಬಂದು, ‘ನಿಮ್ಮ ಭಾಷೆ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿದೆ’ ಎಂದ. ಉಚ್ಚಾರದಿಂದ ತಾಯ್ನುಡಿಗೆ ಬಂದಿತ್ತು ಮಾತು. ನನಗೆ ತಡೆಯಲಾಗಲಿಲ್ಲ. ಆ ಮಧ್ಯಾಹ್ನದ ಮೀಟಿಂಗಿನಲ್ಲಿ ಅವನು ‘ಸ್ಕ್ರೀನ್’ ಅಂದಾಗಲೆಲ್ಲ ನಾನು ‘ಇಸ್ಕ್ರೀನ್, ಇಸ್ಕ್ರೀನ್’ ಎಂದು ಅವನ ದನಿಯಲ್ಲೇ ಹೇಳಿದೆ. ಎಲ್ಲರೂ ನಕ್ಕರು. ಅವನ ಮುಖ ಕೆಂಪಾಯಿತು. ಗೆದ್ದೆ ಎಂದುಕೊಂಡೆ.

ಆದರೆ ಆವತ್ತಿನಿಂದ ಚೀನಾದ ಸಹೋದ್ಯೋಗಿ ಮೀಟಿಂಗಿನಲ್ಲಿ ಬಾಯಿ ಬಿಡುವುದನ್ನು ನಿಲ್ಲಿಸಿದಳು. ಹೇಳಬೇಕಾದ್ದನ್ನೆಲ್ಲ ಟೈಪ್ ಮಾಡಿ ಕಳಿಸುತ್ತಿದ್ದಳು. ಕೆಲವು ವಾರದ ಮೇಲೆ ಕಾರಣ ಕೇಳಿದೆ. ‘ಇಲ್ಲಿ ಈಗ ಎಲ್ಲರೂ ಎಲ್ಲರ ಮಾತನ್ನೂ ಆಡಿ ತೋರಿಸುತ್ತಾರೆ. ನನ್ನ ಸರದಿ ಬರುವುದು ಬೇಡ ಅಂತ’ ಎಂದಳು. ನನಗೆ ಶುಕ್ರವಾರದ ಆ ಕರೆ ನೆನಪಾಯಿತು. ನಾನು ಇಟ್ಟ ಏಟು ಅವನಿಗಿಂತ ಹೆಚ್ಚಾಗಿ ಇವಳಿಗೆ ಬಿದ್ದಿತ್ತು. ಮಾತಿಗೆ ಮಾತು, ಏಟಿಗೆ ಏಟು ಎನ್ನುವ ಸ್ವಾಭಿಮಾನಿಗಳು ನಮ್ಮಲ್ಲಿ ಕಡಿಮೆಯಿಲ್ಲ. ನಾನು ಅವರೊಂದಿಗೂ ಜಗಳವಾಡುತ್ತಿದ್ದೇನೆ. ತಿರುಗಿ ಅಣಕಿಸುವುದರಿಂದ ಅಣಕ ನಿಲ್ಲುವುದಿಲ್ಲ, ಅದಕ್ಕೆ ಒಪ್ಪಿಗೆಯ ಮುದ್ರೆ ಬೀಳುತ್ತದೆ.

ಆಮೇಲೆ ನಾನು ಮಾಡಿದ್ದು ತೀರ ಸರಳ. ಮುಂದಿನ ಸಲ ‘ಯೆರರ್’ ಎಂದು ಅಣಕಿಸಿದಾಗ ಓದುವುದನ್ನು ನಿಲ್ಲಿಸಿ, ದನಿಯೇರಿಸದೆ, ಅವನನ್ನೇ ನೋಡಿ ಕೇಳಿದೆ: ‘ಪದ ಸ್ಪಷ್ಟವಾಗಲಿಲ್ಲವೇ? ಇನ್ನೊಮ್ಮೆ ಹೇಳಲೇ?’ ವ್ಯಂಗ್ಯ ಬೆರೆಸಲಿಲ್ಲ. ಬೆರೆಸಿದರೆ ಅದು ಇನ್ನೊಂದು ಅಣಕವಾಗುತ್ತಿತ್ತು. ಕೇಳಿ ಸುಮ್ಮನಾದೆ. ಆ ಮೌನ ಮೂರು ಸೆಕೆಂಡು ಇದ್ದಿರಬಹುದು, ನನಗೆ ಮೂರು ಗಂಟೆ ಅನ್ನಿಸಿತು. ‘ಇಲ್ಲ, ಅರ್ಥವಾಯಿತು’ ಎಂದ. ‘ಹಾಗಾದರೆ ಮುಂದಿನದು’ ಎಂದು ಓದುವುದನ್ನು ಮುಂದುವರಿಸಿದೆ. ಆ ಪ್ರಶ್ನೆಗೆ ಇರುವುದು ಎರಡೇ ಉತ್ತರ, ಎರಡರಲ್ಲೂ ನಗುವಿಗೆ ಎಡೆಯಿಲ್ಲ.

ಅಷ್ಟಕ್ಕೇ ಬಿಡಲಿಲ್ಲ. ಸಂಜೆ ಅವನನ್ನು ಒಬ್ಬನನ್ನೇ ಕಂಡು ಮೂರು ಮಾತು ಹೇಳಿದೆ. ಏನಾಗುತ್ತಿದೆ: ‘ನೀನು ನನ್ನ ಉಚ್ಚಾರವನ್ನು ಮೀಟಿಂಗಿನಲ್ಲಿ ಆಡಿ ತೋರಿಸುತ್ತೀಯ.’ ಅದರಿಂದ ಏನಾಯಿತು: ‘ಆ ಶುಕ್ರವಾರ ನಾನು ಎರರ್ ಎಂಬ ಪದ ಹೇಳಲಿಲ್ಲ, ಅದಕ್ಕೆ ಕಾರಣ ಇದು.’ ಏನು ಬೇಕು: ‘ಅದನ್ನೂ ಆ ಅಡ್ಡಹೆಸರನ್ನೂ ನಿಲ್ಲಿಸಬೇಕು.’ ನೀನು ಕೆಟ್ಟವನು ಎನ್ನಲಿಲ್ಲ, ನಿಮ್ಮ ಕಡೆಯವರೆಲ್ಲ ಹೀಗೆಯೇ ಎಂದೂ ಎನ್ನಲಿಲ್ಲ. ಹಾಗೆಂದಿದ್ದರೆ ಅವನು ತನ್ನ ಸ್ವಭಾವವನ್ನೋ ತನ್ನ ಊರನ್ನೋ ಸಮರ್ಥಿಸಿಕೊಳ್ಳಲು ಹೋಗುತ್ತಿದ್ದ, ವಿಷಯ ಅಲ್ಲಿಗೇ ತಪ್ಪುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನು ಹಿಂದಿ ಮಾಧ್ಯಮದಿಂದ ಬಂದವನು, ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷ ಪೂರ್ತಿ ತನ್ನನ್ನು ‘ಇಸ್ಕೂಲ್’ ಎಂದೇ ಕರೆಯುತ್ತಿದ್ದರು ಎಂದ. ನಾನು ‘ಇಸ್ಕ್ರೀನ್’ ಎಂದ ದಿನ ಅವನ ಮುಖ ಯಾಕೆ ಹಾಗಾಯಿತೆಂದು ಆಗ ತಿಳಿಯಿತು. ಅಡ್ಡಹೆಸರು ಒಂದು ವಾರದಲ್ಲಿ ಮರೆಯಾಯಿತು.

ಎಲ್ಲರೂ ಅವನಂತೆ ಇರುವುದಿಲ್ಲ. ಮೂರು ಮಾತು ಹೇಳಿದ ಮೇಲೂ ನಿಲ್ಲದಿದ್ದರೆ ಬರೆದಿಡಬೇಕು: ಯಾವ ದಿನ, ಯಾವ ಮೀಟಿಂಗು, ಯಾರು, ಯಾವ ಪದ, ಯಾರು ಯಾರಿದ್ದರು. ಅಂದಂದೇ ಬರೆಯಬೇಕು, ಸ್ವಂತ ಪುಸ್ತಕದಲ್ಲಿ ಬರೆಯಬೇಕು. ಕೆಲಸ ಹೋದರೆ ಕಂಪನಿಯ ಕಂಪ್ಯೂಟರಿನಲ್ಲಿದ್ದದ್ದು ನಮ್ಮ ಕೈಗೆ ಸಿಗುವುದಿಲ್ಲ. ಆಮೇಲೆ ಮ್ಯಾನೇಜರಿಗೂ ಎಚ್‌ಆರ್ ವಿಭಾಗಕ್ಕೂ ಲಿಖಿತವಾಗಿ ತಿಳಿಸಬೇಕು. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ 15 ಅಥವಾ ಹೆಚ್ಚು ನೌಕರರಿರುವ ಕಡೆ ಮೂಲದೇಶದ ಕಾರಣಕ್ಕೆ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. ಉಚ್ಚಾರ ಮೂಲದೇಶಕ್ಕೆ ಅಂಟಿಕೊಂಡದ್ದು ಎಂದು ಆ ಕಾಯ್ದೆಯನ್ನು ಜಾರಿಮಾಡುವ ಇಇಒಸಿ ಎಂಬ ಆಯೋಗವೂ ಒಪ್ಪುತ್ತದೆ. ಅಲ್ಲಿಗೆ ದೂರು ಕೊಡಲು 180 ದಿನ, ರಾಜ್ಯದ ಮಟ್ಟದಲ್ಲೂ ಅಂಥ ಸಂಸ್ಥೆ ಇರುವ ಕಡೆ 300 ದಿನ ಅವಕಾಶವಿದೆ. ಎಚ್-1ಬಿ ವೀಸಾದಲ್ಲಿರುವವರಿಗೂ ಈ ರಕ್ಷಣೆ ಇದೆ, ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವುದೂ ಕಾನೂನುಬಾಹಿರವೇ.

ಆದರೆ ಕಾನೂನಿಗೆ ಮಿತಿಯಿದೆ, ಅದನ್ನು ಬಚ್ಚಿಟ್ಟು ಧೈರ್ಯ ತುಂಬುವುದು ಮೋಸ. ಒಂದೆರಡು ಸಲದ ತಮಾಷೆ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ. ಕಿರುಕುಳ ಎನ್ನಿಸಿಕೊಳ್ಳಬೇಕಾದರೆ ಅದು ತೀವ್ರವಾಗಿರಬೇಕು ಇಲ್ಲವೇ ಎಡೆಬಿಡದೆ ನಡೆದಿರಬೇಕು. ವೀಸಾದವರಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನದಲ್ಲಿ ಬೇರೆ ದಾರಿ ನೋಡಿಕೊಳ್ಳಬೇಕು, ಅವರಿಗೆ ‘ಹೋಗಿ ದೂರು ಕೊಡಿ’ ಎಂದು ಹೇಳುವುದು ಪೌರತ್ವ ಸಿಕ್ಕವರಿಗೆ ಸುಲಭ. ಮ್ಯಾನ್ಯುಅಲ್ ಫ್ರಗಾಂಟೆ ಎಂಬ ಫಿಲಿಪೀನ್ಸ್ ಮೂಲದವರ ಪ್ರಕರಣ ಕೇಳಿ. ಹವಾಯಿಯ ಹೊನೊಲುಲುವಿನಲ್ಲಿ ವಾಹನ ಪರವಾನಗಿ ಕಚೇರಿಯ ಗುಮಾಸ್ತೆ ಕೆಲಸಕ್ಕೆ 1981ರಲ್ಲಿ 700ಕ್ಕೂ ಹೆಚ್ಚು ಜನರೊಂದಿಗೆ ಲಿಖಿತ ಪರೀಕ್ಷೆ ಬರೆದು ಎಲ್ಲರಿಗಿಂತ ಹೆಚ್ಚು ಅಂಕ ಪಡೆದರು. ಸಂದರ್ಶನದಲ್ಲಿ ಅವರ ಉಚ್ಚಾರ ಅಡ್ಡಬಂತು, ಕೆಲಸ ಸಿಗಲಿಲ್ಲ. 1989ರಲ್ಲಿ ಮೇಲ್ಮನವಿ ನ್ಯಾಯಾಲಯ, ಉಚ್ಚಾರವೂ ಮೂಲದೇಶವೂ ಹೆಣೆದುಕೊಂಡಿರುವುದರಿಂದ ಇಂಥ ಪ್ರಕರಣಗಳನ್ನು ಬಹಳ ಸೂಕ್ಷ್ಮವಾಗಿ ನೋಡಬೇಕು ಎಂದಿತು. ಆದರೂ ಸಾರ್ವಜನಿಕರೊಂದಿಗೆ ಮಾತಾಡುವ ಆ ಕೆಲಸಕ್ಕೆ ಅವರ ಉಚ್ಚಾರ ತೊಡಕಾಗುತ್ತದೆ ಎಂಬ ವಾದವನ್ನೇ ಎತ್ತಿಹಿಡಿಯಿತು. ಅವರು ಸೋತರು. ತಮ್ಮ ಪ್ರಕರಣದ ಸಾಕ್ಷ್ಯವನ್ನು ಅವರು ನ್ಯಾಯಾಲಯದಲ್ಲಿ ಇಂಗ್ಲಿಷಿನಲ್ಲೇ ನುಡಿದಿದ್ದರು. ಕಾನೂನನ್ನು ತಿಳಿದಿರಬೇಕು, ಅದೊಂದನ್ನೇ ನೆಚ್ಚಿ ಕೂರಬಾರದು.

ಇಷ್ಟು ಹೊತ್ತು ಬೇರೆಯವರ ಮೇಲೆ ಆಡಿದ ಮಾತನ್ನು ಈಗ ನಮ್ಮ ಮೇಲೂ ಆಡಬೇಕು. ನನ್ನ ಮಾತನ್ನು ಮೊದಲು ಅಣಕಿಸಿದವರು ಟೆಕ್ಸಾಸಿನವರಲ್ಲ, ಹಿಂದಿಯವರೂ ಅಲ್ಲ. ಬೆಂಗಳೂರಿನ ಹಾಸ್ಟೆಲಿನಲ್ಲಿ, ಅಪ್ಪಟ ಕನ್ನಡದವರೇ, ನನ್ನ ‘ಏನ್ರೀ’, ‘ಬರ್ರೀ’, ‘ಹೋಗೂಣು’ಗಳನ್ನು ಆಡಿ ಆಡಿ ನಕ್ಕವರು. ‘ಹಾಲು’ ಎನ್ನುವಲ್ಲಿ ‘ಆಲು’ ಎಂದವರನ್ನು ನಾವು ಎಷ್ಟು ಆಡಿಕೊಂಡಿಲ್ಲ? ಹಕಾರ ಬಿಡುವುದು ಓದಿಲ್ಲದವರ ಗುರುತು ಎಂದು ತಿಳಿದೇ ಆಡಿಕೊಳ್ಳುತ್ತೇವೆ. ಹಾಗಾಗಿ ಆ ನಗುವಿನಲ್ಲಿ ಜಾತಿಯೂ ವರ್ಗವೂ ಸೇರಿರುತ್ತದೆ. ಇಲ್ಲಿನ ಕೂಟಗಳ ರಾಜ್ಯೋತ್ಸವದ ನಾಟಕದಲ್ಲಿ ಹುಬ್ಬಳ್ಳಿಯ ಮಾತಿನವನು ಯಾಕೆ ಯಾವಾಗಲೂ ಮನೆಗೆಲಸದವನೋ ಪೆದ್ದನೋ ಆಗಿರುತ್ತಾನೆ? ನೆರೆಭಾಷೆಯವರಿಗೆ ನಾವು ಇಟ್ಟ ಅಡ್ಡಹೆಸರುಗಳೂ ಇವೆ; ಅವನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತು. ಆಫೀಸಿನಲ್ಲಿ ಘನತೆ ಕೇಳುವವರು ಕೂಟದ ವೇದಿಕೆಯಲ್ಲಿ ಅದನ್ನು ಕೊಡಲೂ ಕಲಿಯಬೇಕು.

ಮನೆಯಲ್ಲೂ ಅಷ್ಟೇ. ನನ್ನ ತಾಯಿ ಬೇಸಗೆಯಲ್ಲಿ ಬಂದಿದ್ದಾಗ ಅಂಗಡಿಯಲ್ಲಿ ‘ಯೆಗ್’ ಎಂದು ಮೊಟ್ಟೆ ಕೇಳಿದರು. ಇಲ್ಲೇ ಹುಟ್ಟಿದ ನನ್ನ ಮಗಳು ಕಾರಿನಲ್ಲಿ ಅದನ್ನು ಆಡಿ ತೋರಿಸಿ ನಕ್ಕಳು. ಅಮ್ಮ ಏನೂ ಅನ್ನಲಿಲ್ಲ. ಮರುದಿನದಿಂದ ಅಂಗಡಿಯಲ್ಲಿ ಬೆರಳು ತೋರಿಸತೊಡಗಿದರು. ಅದನ್ನು ಗುರುತಿಸಲು ನನಗೆ ಎರಡು ದಿನ ಸಾಕಾಯಿತು, ಯಾಕೆಂದರೆ ಆ ಓಣಿ ನನಗೆ ಗೊತ್ತಿತ್ತು. ಮಗಳಿಗೆ ಬೈಯಲಿಲ್ಲ. ‘ಅಂಗಡಿಯವನು ಅಜ್ಜಿಗೆ ಏನು ಕೊಟ್ಟ?’ ಎಂದು ಕೇಳಿದೆ. ‘ಮೊಟ್ಟೆ’ ಎಂದಳು. ‘ಮತ್ತೆ?’ ಎಂದೆ. ಸ್ವಲ್ಪ ಯೋಚಿಸಿ, ತಾನೇ ಅಜ್ಜಿಯ ಬಳಿ ಹೋಗಿ ಕೂತಳು.

ಕೊನೆಯದಾಗಿ, ಅಣಕಿಸುವವರಿಗೂ ಅಣಕಕ್ಕೆ ಒಳಗಾದವರಿಗೂ ಸೇರದ ಒಬ್ಬರಿಗೆ ನನ್ನ ಮಾತು. ನನ್ನ ಮೀಟಿಂಗಿನಲ್ಲಿ ಹನ್ನೊಂದು ಜನರಿದ್ದರು. ಅಣಕಿಸಿದವನು ಒಬ್ಬ, ಒಳಗಾದವಳು ಒಬ್ಬಳು, ಉಳಿದ ಒಂಬತ್ತು ಜನ ನಕ್ಕರು ಇಲ್ಲವೇ ಮೇಜು ನೋಡಿಕೊಂಡರು. ಘನತೆಯಿಂದ ನಡೆದುಕೊಳ್ಳುವ ಭಾರವನ್ನೆಲ್ಲ ನಾವು ಒಳಗಾದವಳ ಮೇಲೆಯೇ ಹೊರಿಸುತ್ತೇವೆ: ಅವಳು ತಾಳ್ಮೆಯಿಂದಿರಬೇಕು, ಸರಿಯಾದ ಮಾತು ಹುಡುಕಬೇಕು, ದಿನಾಂಕ ಬರೆದಿಡಬೇಕು. ಆ ಒಂಬತ್ತರಲ್ಲಿ ಒಬ್ಬರು, ಮೊದಲ ದಿನವೇ, ‘ನನಗೆ ಅರ್ಥವಾಯಿತು, ಮುಂದುವರಿಸಿ’ ಎಂದಿದ್ದರೆ ಸಾಕಿತ್ತು. ಯಾರನ್ನೂ ಬೈಯಬೇಕಿರಲಿಲ್ಲ. ಆ ಶುಕ್ರವಾರ ನಾನು ‘ಯೆರರ್’ ಎಂದು ಗಟ್ಟಿಯಾಗಿ ಹೇಳುತ್ತಿದ್ದೆ, ಆರು ಜನರ ಶನಿವಾರ ಭಾನುವಾರ ಉಳಿಯುತ್ತಿತ್ತು.

ಈಗ ನಮ್ಮ ತಂಡಕ್ಕೆ ವಿಯೆಟ್ನಾಮಿನ ಹುಡುಗನೊಬ್ಬ ಬಂದಿದ್ದಾನೆ. ಅವನ ಬಾಯಲ್ಲಿ ಇಂಗ್ಲಿಷ್ ಪದದ ಕೊನೆಯ ವ್ಯಂಜನಗಳು ಬಿದ್ದುಹೋಗುತ್ತವೆ. ನಾವು ಉಕಾರ ಸೇರಿಸುವ ಜಾಗದಲ್ಲಿ ಅವನು ಅಕ್ಷರವನ್ನೇ ಬಿಡುತ್ತಾನೆ. ಮೊದಲ ವಾರ ಅವನು ವರದಿ ಓದುವಾಗ ಯಾರೋ ಮುಸಿಮುಸಿ ನಕ್ಕರು. ನಾನು ಬಾಯಿ ತೆರೆಯುವಷ್ಟರಲ್ಲಿ ಚೀನಾದ ಸಹೋದ್ಯೋಗಿಯ ದನಿ ಕೇಳಿಸಿತು: ‘ನನಗೆ ಅರ್ಥವಾಯಿತು. ಮುಂದುವರಿಸು.’